ಆಟೋ, ಮೆಟ್ರೋ, ಬಸ್: ಐದು ನಿಮಿಷದ ಜೋಕಿಗೆ ಯಾವುದು ಹತ್ತಬೇಕು?

ದಿನಾ ಆಫೀಸಿಗೆ ಹೋಗಿ ಬರುವ ಪಾಡಿನ ಮೇಲೆ ಐದು ನಿಮಿಷದ ಸ್ಟ್ಯಾಂಡಪ್ ಮಾಡಬೇಕು ಅಂತ ಹೊರಟವನು ನಾನು. ಬೆಂಗಳೂರಿನಲ್ಲಿ ಇದ್ದುಕೊಂಡು ಬೇರೆ ವಿಷಯಕ್ಕೆ ಎಲ್ಲಿ ಹೋಗಲಿ, ಹೇಳಿ. ಹೋದರೂ ದಾರಿಯಲ್ಲಿ ಟ್ರಾಫಿಕ್ ಸಿಗುತ್ತದೆ.

ನಮ್ಮ ಏರಿಯಾದ ಒಂದು ಕಾಫಿ ಅಂಗಡಿಯ ಮೊದಲ ಮಹಡಿಯಲ್ಲಿ ವಾರಕ್ಕೊಮ್ಮೆ ಓಪನ್ ಮೈಕ್ ನಡೆಯುತ್ತದೆ. ಒಬ್ಬರು ಹತ್ತಿದರೆ ಇನ್ನೊಬ್ಬರು ಇಳಿಯಲಾಗದಷ್ಟು ಕಿರಿದಾದ ಮೆಟ್ಟಿಲು, ನಲವತ್ತು ಪ್ಲಾಸ್ಟಿಕ್ ಕುರ್ಚಿ, ಒಂದು ಮೈಕು. ನಾಲ್ಕು ನಿಮಿಷ ಆಗುತ್ತಿದ್ದ ಹಾಗೆ ಹಿಂದಿನ ಸಾಲಿನಿಂದ ಯಾರೋ ಮೊಬೈಲ್ ಟಾರ್ಚ್ ತೋರಿಸುತ್ತಾರೆ. ಅದಕ್ಕೆ ನಾವು 'ಲೈಟ್' ಅನ್ನುತ್ತೇವೆ. ಇನ್ನೊಂದು ನಿಮಿಷದಲ್ಲಿ ಮುಗಿಸು ಅಂತ ಅರ್ಥ. ಅಲ್ಲಿ ಒಂಬತ್ತು ವಾರ ಒಂದೇ ವಿಷಯವನ್ನು ಮೂರು ಗಾಡಿಯಲ್ಲಿ ಓಡಿಸಿ ನೋಡಿದೆ. ಮೂರು ವಾರ ಆಟೋ, ಮೂರು ವಾರ ಮೆಟ್ರೋ, ಮೂರು ವಾರ ಬಸ್. ಪ್ರತಿ ಸಲ ಜೇಬಿನಲ್ಲಿ ಫೋನ್ ರೆಕಾರ್ಡ್ ಆಗುತ್ತಿತ್ತು. ಮನೆಗೆ ಬಂದು ಎಲ್ಲಿ ನಕ್ಕರು, ಎಲ್ಲಿ ಕುರ್ಚಿ ಎಳೆದ ಸದ್ದು ಬಂತು ಅಂತ ಕೇಳಿಸಿಕೊಳ್ಳುತ್ತಿದ್ದೆ. ಕುರ್ಚಿ ಸದ್ದು ಬಂದರೆ ಆ ಸಾಲು ಸತ್ತಿತು ಅಂತ.

ಮೊದಲು ಆಟೋ. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಯಾಕೆಂದರೆ ಆಟೋ ಬಗ್ಗೆ ಎಲ್ಲರೂ ಎಲ್ಲವನ್ನೂ ಹೇಳಿ ಆಗಿದೆ. 'ಮೀಟರ್ ಮೇಲೆ ಐವತ್ತು ಕೊಡಿ' ಅಂದ ತಕ್ಷಣ ಜನ ಚಪ್ಪಾಳೆ ತಟ್ಟಿದರು. ಮೊದಲ ವಾರ ಖುಷಿಯಾಯಿತು. ರೆಕಾರ್ಡಿಂಗ್ ಕೇಳಿದಾಗ ಗೊತ್ತಾಯಿತು, ಚಪ್ಪಾಳೆ ಇದೆ, ನಗು ಇಲ್ಲ. 'ಹೌದಪ್ಪಾ, ನನಗೂ ಹೀಗೇ ಆಗಿದೆ' ಅಂತ ಒಪ್ಪಿಕೊಂಡದ್ದು ಅಷ್ಟೇ. ಇನ್ನೊಂದು ತೊಂದರೆ ಏರಿಕೆಯದು. ಬಿಟ್, ಅಂದರೆ ಒಂದೇ ವಿಷಯದ ಮೇಲೆ ಕಟ್ಟಿದ ಜೋಕಿನ ತುಣುಕು, ಸಣ್ಣದರಲ್ಲಿ ಶುರುವಾಗಿ ಒಂದೊಂದೇ ಮೆಟ್ಟಿಲು ಹತ್ತಬೇಕು. ಆಟೋದಲ್ಲಿ ಜಗಳ ಶುರುವಾಗುವುದೇ ಮೇಲಿನ ಮೆಟ್ಟಿಲಿನಿಂದ. ಗಾಡಿ ಹೊರಡುವ ಮೊದಲೇ ಇಬ್ಬರೂ ಕೂಗಾಡಿ ಆಗಿರುತ್ತದೆ. ಆಮೇಲೆ ಹತ್ತುವುದಕ್ಕೆ ಜಾಗ ಎಲ್ಲಿದೆ?

ಮೆಟ್ರೋ ಇದಕ್ಕೆ ಪೂರ್ತಿ ಉಲ್ಟಾ. ಗಮನಿಸುವುದಕ್ಕೆ ಬೇಕಾದಷ್ಟು ಸಿಗುತ್ತದೆ. ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗದಿಂದ ಹಸಿರು ಮಾರ್ಗಕ್ಕೆ ಓಡುವ ಜನರನ್ನು ನೋಡಿ. ಇನ್ನೈದು ನಿಮಿಷಕ್ಕೆ ಇನ್ನೊಂದು ರೈಲು ಬರುತ್ತದೆ, ಆದರೂ ಇದೇ ಕೊನೆಯ ರೈಲು ಅನ್ನುವ ಹಾಗೆ ಓಡುತ್ತಾರೆ. ಆಫೀಸಿನ ಒಳಗೆ ಹೋದ ಮೇಲೆ ಅದೇ ಮನುಷ್ಯ ಮೊದಲ ಅರ್ಧ ಗಂಟೆ ಕಾಫಿ ಮೆಷಿನ್ ಮುಂದೆ ನಿಂತಿರುತ್ತಾನೆ. ಇದಕ್ಕೆ ಮೂರೂ ವಾರ ಒಳ್ಳೆಯ ನಗು ಬಂತು.

ಮೊದಲು ಹೇಳಿದ್ದನ್ನು ಕೊನೆಯಲ್ಲಿ ಮತ್ತೆ ತಂದು ನಗಿಸುವುದಿದೆಯಲ್ಲ, ಆ ಕಾಲ್‌ಬ್ಯಾಕ್‌ಗೂ ಮೆಟ್ರೋ ಚೆನ್ನ. 'ಬಾಗಿಲುಗಳು ಎಡಕ್ಕೆ ತೆರೆಯುತ್ತವೆ' ಅನ್ನುವ ಆ ಶಾಂತವಾದ ದನಿಯನ್ನು ಮೊದಲ ನಿಮಿಷದಲ್ಲಿ ಒಮ್ಮೆ ಅನುಕರಿಸಿ ಬಿಟ್ಟೆ. ಕೊನೆಯಲ್ಲಿ, ಲೇಟಾಗಿ ಮನೆಗೆ ಬಂದವನಿಗೆ ಹೆಂಡತಿ ಬೈಯುವುದಿಲ್ಲ, ಅದೇ ದನಿಯಲ್ಲಿ 'ಬಾಗಿಲು ಬಲಕ್ಕೆ ತೆರೆಯುತ್ತದೆ' ಅಂತ ಹೊರಗೆ ಕೈ ತೋರಿಸುತ್ತಾಳೆ. ದನಿ ಕಿವಿಯಲ್ಲಿ ಉಳಿಯುತ್ತದೆ, ನೆನಪಿಸುವ ಕಷ್ಟ ಇಲ್ಲ.

ಆದರೆ ನಡುವಿನ ಮೂರು ನಿಮಿಷ? ಅಲ್ಲೇ ರೈಲು ನಿಂತುಹೋಯಿತು. ಮೆಟ್ರೋದಲ್ಲಿ ಎದುರಾಳಿ ಅಂತ ಯಾರೂ ಇಲ್ಲ. ಟಿಕೆಟ್ ಮೆಷಿನ್, ಗೇಟ್ ಮೆಷಿನ್, ಮಾತಾಡುವುದೂ ಮೆಷಿನ್. ಒಂದು ಸಣ್ಣ ಮಾತು ದೊಡ್ಡದಾಗಬೇಕಾದರೆ ಇಬ್ಬರು ಬೇಕು, ಇಬ್ಬರಿಗೂ ಬೇರೆ ಬೇರೆ ಏನೋ ಬೇಕಾಗಿರಬೇಕು. ಇಲ್ಲಿ ಎಲ್ಲರಿಗೂ ಬೇಕಾಗಿರುವುದು ಸೀಟು, ಎಲ್ಲರೂ ಸುಮ್ನೆ ನಿಂತು ಫೋನ್ ನೋಡುತ್ತಾರೆ. ನಾನು ಗಮನಿಸಿದ್ದರ ಪಟ್ಟಿ ಓದಿದ ಹಾಗಾಯಿತು.

ಬಸ್ಸಿನಲ್ಲಿ ಆ ಇಬ್ಬರು ಸಿಕ್ಕರು, ನಾನು ಮತ್ತು ಕಂಡಕ್ಟರ್. ಬಿಟ್ ಹೀಗಿದೆ.

'ಅವತ್ತು ಫೋನ್ ಸತ್ತಿತ್ತು. ಮೆಜೆಸ್ಟಿಕ್‌ನಿಂದ ನಾಯಂಡಹಳ್ಳಿಗೆ ಇಪ್ಪತ್ತು ರೂಪಾಯಿ. ನೂರರ ನೋಟು ಕೊಟ್ಟೆ. ಕಂಡಕ್ಟರ್ ನೋಟನ್ನು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ನನ್ನನ್ನು ಬೆಳಕಿಗೆ ಹಿಡಿದು ನೋಡಿದರು. ಟಿಕೆಟ್ ತಿರುಗಿಸಿ, ಹಿಂದೆ 80 ಅಂತ ಬರೆದು, ಸುತ್ತ ಒಂದು ಸೊನ್ನೆ ಎಳೆದು, ಇಳಿಯುವಾಗ ತಗೊಳ್ಳಿ ಅಂದರು.'

ಇಲ್ಲಿಂದ ಏರಿಕೆ. ಮೊದಲ ಮೆಟ್ಟಿಲು, ನಾನು ಕಿಟಕಿ ಕಡೆ ನೋಡುವುದು ಬಿಟ್ಟು ಕಂಡಕ್ಟರನ್ನೇ ನೋಡುತ್ತಾ ಕೂರುತ್ತೇನೆ. ಪಕ್ಕದಲ್ಲಿ ಒಬ್ಬ ಅಜ್ಜಿ, ಕೈಯಲ್ಲಿ ಶಕ್ತಿ ಯೋಜನೆಯ ಶೂನ್ಯ ಟಿಕೆಟ್, ನೆಮ್ಮದಿಯಾಗಿ ನಿದ್ದೆ. ಅವರಿಗೆ ಈ ಪ್ರಪಂಚದಲ್ಲಿ ಯಾರೂ ಏನೂ ಕೊಡಬೇಕಾಗಿಲ್ಲ. ಎರಡನೆಯದು, ಕೈ ಬೆವರಿಗೆ ಇಂಕು ಕರಗಿ 80ರ ಸೊನ್ನೆ ಮಾಯವಾಗುತ್ತಿದೆ, ಎಂಬತ್ತು ಎಂಟಾಗುತ್ತಿದೆ. ಮೂರನೆಯದು, ನಾಯಂಡಹಳ್ಳಿ ಬಂತು. ಕಂಡಕ್ಟರ್ ಮುಂದಿನ ಬಾಗಿಲಿನಲ್ಲಿ, ನಾನು ಹಿಂದಿನ ಬಾಗಿಲಿನಲ್ಲಿ, ನಡುವೆ ಅರವತ್ತು ಜನ. ನಾನು ಇಳಿಯಲಿಲ್ಲ. ನಾಲ್ಕನೆಯದು, ಕಂಡಕ್ಟರ್ ಕೊನೆಗೂ ಹತ್ತಿರ ಬಂದು ನನ್ನ ಟಿಕೆಟ್ ನೋಡಿ, 'ನಿಮ್ಮ ಸ್ಟೇಜ್ ಮುಗೀತಲ್ಲ ಸಾರ್, ಇನ್ನೊಂದು ತಗೊಳ್ಳಿ' ಅನ್ನುತ್ತಾರೆ. 80 ಹೊಡೆದುಹಾಕಿ 60 ಬರೆಯುತ್ತಾರೆ. ನನ್ನ ದುಡ್ಡಿಗೆ ಕಾದದ್ದಕ್ಕೆ ನನ್ನ ದುಡ್ಡೇ ಖರ್ಚು! ಕೊನೆಗೆ ಕೆಂಗೇರಿ. ಬಸ್ ಖಾಲಿ, ಕಂಡಕ್ಟರೂ ಇಲ್ಲ. ಅಜ್ಜಿ ಎದ್ದು, 'ಯಾಕಪ್ಪಾ, ಇನ್ನೂ ಇಳಿದಿಲ್ವಾ?' ಅಂತ ಕೇಳುತ್ತಾರೆ. ಅಲ್ಲಿಂದ ಮನೆಗೆ ಆಟೋ. ಮೀಟರ್ ಮೇಲೆ ಐವತ್ತು.

ನೋಡಿ, ಆಟೋ ಸಾಲು ಕೊನೆಗೂ ಇಲ್ಲಿ ನಗಿಸಿತು. ಒಂದು ಇಡೀ ಬಿಟ್‌ಗೆ ಸಾಲದ್ದು, ಒಂದು ಮೆಟ್ಟಿಲಿಗೆ ಸರಿಯಾಗಿ ಕೂತಿತು.

ಕಾಲ್‌ಬ್ಯಾಕ್‌ನಲ್ಲಿ ಮಾತ್ರ ಮೂರೂ ವಾರ ಒದ್ದಾಡಿದೆ. ಅಂತ್ಯ ಇದು: ಹತ್ತು ವರ್ಷದಿಂದ ಒಂದೇ ಆಫೀಸು, ಮ್ಯಾನೇಜರ್ ಹತ್ತಿರ ಹೋಗಿ ಇನ್‌ಕ್ರಿಮೆಂಟ್ ಕೇಳುತ್ತೇನೆ. ಅವರು ನನ್ನ ಆಫರ್ ಲೆಟರ್ ತಿರುಗಿಸಿ, ಹಿಂದೆ ಏನೋ ಬರೆದು, ಸುತ್ತ ಸೊನ್ನೆ ಎಳೆದು... 'ಇಳಿಯುವಾಗ ತಗೊಳ್ಳಿ.' ಗ್ರಾಚ್ಯುಟಿ ಅಂದರೆ ಅದೇ ತಾನೆ, ಬಿಟ್ಟು ಇಳಿಯುವಾಗ ಸಿಗುವ ದುಡ್ಡು. ಹಾಗಾಗಿ ಮಾತು ಎರಡೂ ಕಡೆ ಸುಳ್ಳಾಗದೆ ಕೂರುತ್ತದೆ.

ಮೊದಲ ವಾರ ನಾನು ಮಾಡಿದ ತಪ್ಪು, ಆ ಮಾತನ್ನು ನಡುವೆ ನಾಲ್ಕು ಸಲ ಹೇಳಿಸಿದ್ದು. ಕೊನೆಗೆ ಬರುವಷ್ಟರಲ್ಲಿ ಮುಂದಿನ ಸಾಲಿನ ಹುಡುಗ ನನಗಿಂತ ಮೊದಲೇ ಹೇಳಿಬಿಟ್ಟ. ಎರಡನೇ ವಾರ ಹೆದರಿ ನಡುವಿನದ್ದನ್ನೆಲ್ಲ ತೆಗೆದೆ. ಮೊದಲ ನಿಮಿಷದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ. ಮೂರೂವರೆ ನಿಮಿಷದ ಅಂತರ. ಅರ್ಧ ಜನಕ್ಕೆ ಮರೆತೇ ಹೋಗಿತ್ತು. ಮೂರನೇ ವಾರ ನಡುವೆ ಮಾತಿಲ್ಲದೆ ಕೈ ಮಾತ್ರ ಇಟ್ಟೆ. 60 ಬರೆಯುವಾಗ ಗಾಳಿಯಲ್ಲಿ ಪೆನ್ನಿನಿಂದ ಆ ಸೊನ್ನೆ ಎಳೆದೆ, ಅಷ್ಟೇ. ಕೊನೆಯಲ್ಲಿ ಮ್ಯಾನೇಜರ್ ಪೆನ್ನು ತಿರುಗಿಸಿದಾಗ ಅಲ್ಲೊಬ್ಬರು ಇಲ್ಲೊಬ್ಬರು ನಗಲು ಶುರುಮಾಡಿದರು. ನಾನು ಸುಮ್ಮನೆ ಕಾದೆ. ಮಾತು ಬರುವ ಹೊತ್ತಿಗೆ ಇಡೀ ರೂಮು ಅದಕ್ಕೆ ಕಾಯುತ್ತಿತ್ತು. ಯಾರೂ ಮೊದಲೇ ಹೇಳಲಿಲ್ಲ, ಯಾರಿಗೂ ಮರೆತಿರಲಿಲ್ಲ.

ಇನ್ನೊಂದು ಅಂತ್ಯವನ್ನೂ ಗೆಳೆಯರ ಮುಂದೆ ಓಡಿಸಿ ನೋಡಿದ್ದೆ. ಸತ್ತು ಮೇಲೆ ಹೋಗುತ್ತೇನೆ, ಚಿತ್ರಗುಪ್ತ ನನ್ನ ಪುಣ್ಯದ ಲೆಕ್ಕದ ಹಾಳೆ ತಿರುಗಿಸುತ್ತಾನೆ. ಬರೆದಾಗ ಇದೇ ದೊಡ್ಡದು ಅನ್ನಿಸಿತ್ತು. ಆದರೆ ಸಾಯುವುದಕ್ಕೆ ಒಂದು ಕಾರಣ, ಯಮಲೋಕದ ಕ್ಯೂ, ಚಿತ್ರಗುಪ್ತನ ಮೇಜು ಅಂತ ಆರು ಸಾಲು ಕಟ್ಟಬೇಕಾಯಿತು. ಅಷ್ಟು ದೊಡ್ಡ ಚಪ್ಪರ ಹಾಕುವಾಗಲೇ ಮದುವೆ ಯಾರದು ಅಂತ ಗೊತ್ತಾಗಿಬಿಡುತ್ತದೆ. ಮ್ಯಾನೇಜರ್‌ಗೆ ಒಂದೇ ಸಾಲು ಸಾಕು, ಅವರನ್ನು ಯಾರೂ ಪರಿಚಯ ಮಾಡಿಸಬೇಕಾಗಿಲ್ಲ.

ಇನ್ನೊಂದು ಸಣ್ಣ ವಿಷಯ. ನಿಜವಾಗಿ ನನಗೆ ಬರಬೇಕಾಗಿದ್ದದ್ದು 82 ರೂಪಾಯಿ. ಹಾಗೇ ಹೇಳಿದ ದಿನ ಜನ ಮನಸ್ಸಿನಲ್ಲಿ ಲೆಕ್ಕ ಹಾಕುತ್ತಾ ಕೂತರು, ನಗು ತಡವಾಯಿತು. ಅಂದಿನಿಂದ 80. ಫೋನ್ ಸತ್ತಿತ್ತು ಅನ್ನುವ ಸಾಲನ್ನೂ ಬಿಡುವ ಹಾಗಿಲ್ಲ. ಈಗ ಬಸ್ಸಿನಲ್ಲೂ ಸ್ಕ್ಯಾನ್ ಮಾಡಿ ದುಡ್ಡು ಕೊಡಬಹುದು. ಆ ಸಾಲು ಇಲ್ಲದಿದ್ದರೆ ಇಪ್ಪತ್ತರ ಹುಡುಗರು 'ಯುಪಿಐ ಮಾಡಬಹುದಿತ್ತಲ್ಲ' ಅಂತ ಯೋಚಿಸುತ್ತಾ ಉಳಿದದ್ದನ್ನು ಕೇಳುವುದೇ ಇಲ್ಲ. ಟಿಕೆಟ್ ಹಿಂದೆ ಚಿಲ್ಲರೆ ಬರೆಯುವುದನ್ನು ಕಂಡೇ ಇಲ್ಲದವರು ಜಾಸ್ತಿಯಾದ ದಿನ ಈ ಬಿಟ್ಟನ್ನು ಡಿಪೋಗೆ ಹಾಕಬೇಕು. ಅಲ್ಲಿಯವರೆಗೆ ನನ್ನ ಓಟು ಬಸ್ಸಿಗೆ. ಬಾಕಿ ಉಳಿದ ದುಡ್ಡಿನ ಕಥೆಯಲ್ಲಿ ಕಾಲ್‌ಬ್ಯಾಕ್ ನಾವು ತುರುಕಬೇಕಾಗಿಲ್ಲ. ಸಾಲ ಕೊಟ್ಟವನು ಮರೆಯುತ್ತಾನಾ?

ಒಂಬತ್ತನೇ ವಾರ ಮುಗಿದ ಮೇಲೆ ಹಿಂದಿನ ಸಾಲಿನಿಂದ ವಯಸ್ಸಾದ ಒಬ್ಬರು ಎದ್ದು ಬಂದರು. ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದು ರಿಟೈರ್ ಆದವರಂತೆ, ಮೊಮ್ಮಗ ಕರೆದುಕೊಂಡು ಬಂದಿದ್ದ. ಕೈಕಾಲು ತಣ್ಣಗಾದವು.

'ಚಿಲ್ಲರೆ ಮರೆತು ಇಳಿದು ಹೋಗ್ತಾ ಇದ್ದದ್ದು ನೀವುಗಳೇ ಕಣಪ್ಪಾ' ಅಂದರು. 'ನಾವು ಕೂಗಿ ಕರೆದು ಕೊಡ್ತಿದ್ವಿ.'

'ಸರಿ ಸಾರ್. ಆದ್ರೂ, ಹೇಗಿತ್ತು?'

ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ನನ್ನನ್ನು ಒಂದು ಸಲ ಬೆಳಕಿಗೆ ಹಿಡಿದ ಹಾಗೆ ನೋಡಿದರು.

'ಇಳಿಯುವಾಗ ಹೇಳ್ತೀನಿ.'

ಕಿರಿದಾದ ಮೆಟ್ಟಿಲು. ಅವರು ಮುಂದೆ, ನಾನು ಹಿಂದೆ, ನಡುವೆ ಮೊಮ್ಮಗ ಮತ್ತು ಇನ್ನೂ ಎಂಟು ಹತ್ತು ಜನ. ನಾನು ಕೆಳಗೆ ತಲುಪುವಷ್ಟರಲ್ಲಿ ಅವರ ಆಟೋ ತಿರುವು ದಾಟಿತ್ತು.