ಭೂಕುಸಿತದ ವರ್ಷ, ಒಂದೇ ಲೆಡ್ಜರ್, ಎರಡು ಲೆಕ್ಕ

ಕುಶಾಲನಗರದಲ್ಲಿ ಗೊಬ್ಬರ, ಕೀಟನಾಶಕ, ಸ್ಪ್ರಿಂಕ್ಲರ್ ಪೈಪು ಮಾರುವ ಕಂಪನಿಯೊಂದರ ಲೆಕ್ಕಪತ್ರ ನನ್ನ ಕೆಲಸ. ನಮ್ಮ ಮಾತೃಸಂಸ್ಥೆ ಷೇರುಪೇಟೆಯಲ್ಲಿರುವುದರಿಂದ 2017ರ ಏಪ್ರಿಲ್ 1ರಿಂದ ನಮಗೂ ಇಂಡ್ ಎಎಸ್ 109 ಎಂಬ ಲೆಕ್ಕಪತ್ರ ಮಾನದಂಡ ಅನ್ವಯವಾಯಿತು. ಗಿರಾಕಿಗಳಿಂದ ಬರಬೇಕಾದ ಬಾಕಿಗೆ ಅಲ್ಲಿಯವರೆಗೆ ‘ಆದ ನಷ್ಟ’ದ ಲೆಕ್ಕ, ಅಲ್ಲಿಂದ ಮುಂದೆ ‘ನಿರೀಕ್ಷಿತ ನಷ್ಟ’ದ ಲೆಕ್ಕ. ಹಳೆಯ ಶೀಟನ್ನು ಮುಚ್ಚಲು ಮನಸ್ಸಾಗದೆ ಎರಡೂವರೆ ವರ್ಷ ಎರಡನ್ನೂ ಜೊತೆಜೊತೆಗೆ ಹಾಕಿದೆ. ನಡುವೆ 2018ರ ಆಗಸ್ಟ್ ಬಂತು, ಕೊಡಗಿನಲ್ಲಿ ಗುಡ್ಡಗಳು ಕುಸಿದವು. ಎರಡು ವಿಧಾನಗಳ ವ್ಯತ್ಯಾಸ ನನಗೆ ನಿಜವಾಗಿ ತಿಳಿದದ್ದು ಆಗ.

ನಮ್ಮ ಸಾಲಕ್ಕೊಂದು ಲಯವಿದೆ. ಬೆಳೆಗಾರರು ಮೇ-ಜೂನ್‌ನಲ್ಲಿ, ಮಳೆ ಹಿಡಿಯುವ ಮುಂಚೆ ಗೊಬ್ಬರ ಒಯ್ಯುತ್ತಾರೆ. ಹಣ ಕೊಡುವುದು ಕಾಫಿ ಕುಯ್ದು, ಒಣಗಿಸಿ, ಮಾರಿದ ಮೇಲೆ. ಹಾಗಾಗಿ ಬಿಲ್ಲಿನ ಗಡುವು ಮಾರ್ಚ್ 31. ನಡುವಿನ ಒಂಬತ್ತು-ಹತ್ತು ತಿಂಗಳು ಯಾರ ಬಾಕಿಯೂ ಗಡುವು ಮೀರಿದ್ದಲ್ಲ.

ಹಳೆಯ ಲೆಕ್ಕದಲ್ಲಿ ನಷ್ಟಕ್ಕೆ ಕಣ್ಣಿಗೆ ಕಾಣುವ ಸಾಕ್ಷಿ ಬೇಕಿತ್ತು. ನಮ್ಮಲ್ಲಿ ಅದು ರೂಢಿಯಾಗಿ ನಿಂತದ್ದು ಹೀಗೆ: ಗಡುವು ದಾಟಿ 180 ದಿನ ಆಗಿರಬೇಕು, ಇಲ್ಲವೇ ಚೆಕ್ ಬೌನ್ಸ್ ಆಗಿರಬೇಕು, ಇಲ್ಲವೇ ಗಿರಾಕಿ ತೋಟ ಮಾರಿ ಹೋಗಿರಬೇಕು. ಇದರಲ್ಲಿ ನನಗೆ ಇವತ್ತಿಗೂ ಇಷ್ಟವಾಗುವ ಗುಣವೊಂದಿದೆ. ನಷ್ಟಕ್ಕೆಂದು ತೆಗೆದಿಡುವ ಪ್ರಾವಿಷನ್‌ನ ಪ್ರತಿ ರೂಪಾಯಿಯ ಹಿಂದೆ ಒಂದು ಹೆಸರು, ಒಂದು ಕಾರಣ ಇರುತ್ತಿತ್ತು. ಆಡಿಟರ್ ಕೇಳಿದರೆ ಫೈಲು ತೆಗೆದು ತೋರಿಸಿದರೆ ಮುಗಿಯಿತು.

ಹೊಸ ಲೆಕ್ಕದಲ್ಲಿ, ನಮ್ಮಂಥ ವ್ಯಾಪಾರದ ಬಾಕಿಗೆ ಸರಳ ವಿಧಾನವಿದೆ. ಬಿಲ್ ಹಾಕಿದ ದಿನದಿಂದಲೇ, ಆ ಬಾಕಿಯ ಪೂರ್ತಿ ಅವಧಿಯಲ್ಲಿ ಆಗಬಹುದಾದ ನಷ್ಟವನ್ನು ಅಂದಾಜಿಸಿ ಇಡಬೇಕು. ದರ ಹುಡುಕಲು ನಾನು 2014-15ರ ಮಾರಾಟವನ್ನು ಕೊನೆಯ ರೂಪಾಯಿಯವರೆಗೆ ಹಿಂಬಾಲಿಸಿದೆ. ಸಾಲದ ಮಾರಾಟ 1,000 ಲಕ್ಷ. ಗಡುವು ದಾಟಿದಾಗ ಉಳಿದದ್ದು 300 ಲಕ್ಷ, 90 ದಿನದ ಮೇಲೆ 100, 180 ದಿನದ ಮೇಲೆ 60. ಕೊನೆಗೆ ಇನ್ನು ಬಾರದೆಂದು ರೈಟ್ ಆಫ್ ಮಾಡಿದ್ದು 12 ಲಕ್ಷ. ಆ 12ನ್ನು ಒಂದೊಂದು ಹಂತದ ಮೊತ್ತದಿಂದ ಭಾಗಿಸಿದರೆ ಗಡುವಿಗೆ ಮೊದಲಿನ ಬಾಕಿಗೆ 1.2%, ಗಡುವು ದಾಟಿ 90 ದಿನದೊಳಗಿನದಕ್ಕೆ 4%, ಆಮೇಲೆ 12%, 180 ದಿನ ದಾಟಿದರೆ 20%. ಇದೇ ಪ್ರಾವಿಷನ್ ಮ್ಯಾಟ್ರಿಕ್ಸ್.

ಇಲ್ಲಿ ಹಲವರು ಎಡವುವ ಜಾಗವೊಂದಿದೆ. ಆ 12 ಲಕ್ಷವನ್ನು ಮಾರಾಟದಿಂದ ಭಾಗಿಸುವ ಬದಲು ಮಾರ್ಚ್ 31ರಂದು ಉಳಿದ ಒಟ್ಟು ಬಾಕಿಯಿಂದ ಭಾಗಿಸುತ್ತಾರೆ. ಕೊಡಗಿನಲ್ಲಿ ಆ ಹೊತ್ತಿಗೆ ಕಾಫಿ ದುಡ್ಡು ಬಂದು ಬಾಕಿ ಇಳಿದಿರುತ್ತದೆ, ಭಾಜಕ ಚಿಕ್ಕದಾಗಿ ದರ ಮೂರು ಪಟ್ಟು ಏರಿಬಿಡುತ್ತದೆ. ಅದೇ ದರವನ್ನು ಸೆಪ್ಟೆಂಬರ್‌ನ ತುಂಬು ಬಾಕಿಗೆ ಹಾಕಿದರೆ ಅರ್ಥವಿಲ್ಲದ ಪ್ರಾವಿಷನ್ ಬರುತ್ತದೆ. ದರ ಯಾವ ಹಂತದ ಮೊತ್ತದಿಂದ ಬಂತೋ ಆ ಹಂತದ ಬಾಕಿಗೇ ಹಾಕಬೇಕು.

ಈಗ 2018. ಮಾರ್ಚ್ 31ಕ್ಕೆ ಎರಡೂ ಲೆಕ್ಕ ಆಗಸ್ಟ್ ಬಗ್ಗೆ ಏನೂ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ನಿರೀಕ್ಷಿತ ನಷ್ಟವೆಂದರೆ ಆ ದಿನ ಕೈಗೆ ಸಿಗುವ ಮಾಹಿತಿಯಿಂದ ಮಾಡಿದ ಅಂದಾಜು, ಭವಿಷ್ಯವಾಣಿಯಲ್ಲ. ನಿಜವಾದ ಪರೀಕ್ಷೆ ಸೆಪ್ಟೆಂಬರ್ 30ರ ಅರ್ಧವಾರ್ಷಿಕ ಲೆಕ್ಕದಲ್ಲಿ ಎದುರಾಯಿತು. ಹಿಂದಿನ ಸಾಲಿನ ಹಳೇ ಬಾಕಿ ಬಿಟ್ಟರೆ, ಆ ವರ್ಷದ ಬಾಕಿ 400 ಲಕ್ಷ. ಅದರಲ್ಲಿ 50 ಲಕ್ಷ ಮಕ್ಕಂದೂರು, ಮಾದಾಪುರದ ಕಡೆಯ ಬೆಳೆಗಾರರದು. ಗುಡ್ಡ ಜಾರಿದ ಸೀಮೆ.

ಹಳೆಯ ಶೀಟು ತೋರಿಸಿದ್ದು ಸೊನ್ನೆ. ಯಾರೂ ಗಡುವು ದಾಟಿರಲಿಲ್ಲವಲ್ಲ! ಭೂಕುಸಿತವೇ ನಷ್ಟದ ಸಾಕ್ಷಿ ಎಂದು ಹಳೆಯ ನಿಯಮದಡಿಯೂ ವಾದಿಸಬಹುದಿತ್ತು. ಆದರೆ ರೂಢಿ ಗಟ್ಟಿಯಾಗಿತ್ತು, 180 ದಿನ ಆಗಲಿ ಎಂದೇ ಎಲ್ಲರೂ ಹೇಳುತ್ತಿದ್ದರು.

ನನಗೆ ಆಶ್ಚರ್ಯವಾದದ್ದು ಹೊಸ ಮ್ಯಾಟ್ರಿಕ್ಸ್ ಕಂಡು. 400 ಲಕ್ಷಕ್ಕೆ 1.2%, ಅಂದರೆ 4.8 ಲಕ್ಷ. ಭೂಕುಸಿತ ಆಗದಿದ್ದರೂ ಅಷ್ಟೇ ಬರುತ್ತಿತ್ತು. ದಿನ ಎಣಿಸುವ ಪಟ್ಟಿಗೆ ಮಣ್ಣು ಜಾರಿದ್ದು ಕಾಣುವುದಿಲ್ಲ. ಹೊಸ ವಿಧಾನವನ್ನು ಯಾಂತ್ರಿಕವಾಗಿ ಓಡಿಸಿದರೆ ಅದೂ ಹಳೆಯದರಷ್ಟೇ ಕುರುಡು. ಗಿರಾಕಿಗಳನ್ನು ಅಪಾಯದ ಪ್ರಕಾರ ಗುಂಪು ಮಾಡಬೇಕು ಎಂದು ಮಾನದಂಡ ಹೇಳುವುದು ಇದಕ್ಕೇ.

ಗುಂಪು ಮಾಡಲು ಕಚೇರಿಯಲ್ಲಿ ಕೂತರೆ ಆಗುವಂತಿರಲಿಲ್ಲ. ನಮ್ಮ ಸೇಲ್ಸ್ ಹುಡುಗನ ಜೀಪಿನಲ್ಲಿ ನಾಲ್ಕು ದಿನ ಸುತ್ತಿದೆವು. ಒಬ್ಬ ಹಿರಿಯರ ತೋಟದಲ್ಲಿ ರಸ್ತೆಯ ಕೆಳಗಿನ ಇಳಿಜಾರು ಪೂರ್ತಿ ಕೆಂಪು ಮಣ್ಣು. ಮೆಣಸಿನ ಬಳ್ಳಿ ಹಬ್ಬಿದ ಸಿಲ್ವರ್ ಓಕ್ ಮರ ಬೇರು ಮೇಲಾಗಿ ತೊರೆಯಲ್ಲಿ ಬಿದ್ದಿತ್ತು, ಬಳ್ಳಿಯ ಎಲೆ ಇನ್ನೂ ಹಸಿರು. ಪ್ಲಾಸ್ಟಿಕ್ ಕವರಿನಿಂದ ನಮ್ಮ ಬಿಲ್ ತೆಗೆದು ಮೇಜಿನ ಮೇಲಿಟ್ಟರು. “ಮಾರ್ಚ್‌ಗೆ ಆಗೋದಿಲ್ಲ ಸರ್. ಮನೆ ಹಿಂದಿನ ಎರಡು ಎಕರೆ ಉಳಿದಿದೆ. ಬರೋ ವರ್ಷ ಮೆಣಸು ಬಂದ್ರೆ ಅರ್ಧ ಖಂಡಿತ ಕೊಡ್ತೀನಿ, ಇನ್ನರ್ಧ ನನ್ನ ಕೈಲಿಲ್ಲ” ಎಂದರು. ನಾನು ಅದನ್ನು ದಿನಾಂಕ ಸಮೇತ ಬರೆದುಕೊಂಡೆ. ಚೆಕ್ ಬೌನ್ಸ್ ಮೆಮೋಗಿಂತ ಗಟ್ಟಿ ಮಾಹಿತಿ ಅದು, ಹಳೆಯ ಶೀಟಿನಲ್ಲಿ ಅದಕ್ಕೆ ಕಾಲಂ ಇರಲಿಲ್ಲ.

ವಾಪಸು ಬಂದು 50 ಲಕ್ಷವನ್ನು ಎರಡು ಮಾಡಿದೆ. ತೋಟವೇ ಜಾರಿದವರ ಬಾಕಿ 12 ಲಕ್ಷ. ನೆಲ ಉಳಿದು, ಮಳೆಗೆ ಕಾಯಿ ಉದುರಿ ಕೊಳೆರೋಗ ತಗುಲಿದವರದು 38 ಲಕ್ಷ. ಮೊದಲ ಗುಂಪಿಗೆ ಮೂರು ಸಾಧ್ಯತೆ ಇಟ್ಟೆ: ತಡವಾದರೂ ಪೂರ್ತಿ ಬರುವುದು 50%, ಅರ್ಧ ಮುಳುಗುವುದು 30%, ಪೂರ್ತಿ ಮುಳುಗುವುದು 20%. ಮುಳುಗುವ ಪಾಲು ಕೂಡಿದರೆ 15 ಮತ್ತು 20, ಒಟ್ಟು 35%. ಅಂದರೆ 4.2 ಲಕ್ಷ. ಎರಡನೇ ಗುಂಪಿಗೆ 5%, 1.9 ಲಕ್ಷ. ಮಿಕ್ಕ 350 ಲಕ್ಷಕ್ಕೆ ಎಂದಿನ 1.2%, 4.2 ಲಕ್ಷ. ಮೂರೂ ಸೇರಿ 10.3 ಲಕ್ಷ.

ಆಡಿಟರ್ ಸುಮ್ಮನೆ ಒಪ್ಪಲಿಲ್ಲ. 35% ಯಾಕೆ, 25% ಯಾಕಲ್ಲ ಎಂದು ಕೇಳಿದರು. ಅವರ ಪ್ರಶ್ನೆ ಸರಿಯಾದದ್ದೇ. ಹೊಸ ವಿಧಾನದ ದೊಡ್ಡ ಅಪಾಯ ಇರುವುದೂ ಅಲ್ಲೇ: ಲಾಭ ಹೆಚ್ಚು ಬಂದ ವರ್ಷ ದರ ಏರಿಸಿ, ಕಡಿಮೆ ಬಂದ ವರ್ಷ ಇಳಿಸಿ ಆಟವಾಡಬಹುದು. ಪಾರಾಗಿದ್ದು ಭೇಟಿಯ ಟಿಪ್ಪಣಿಗಳಿಂದ. ದರ ಬದಲಾದಾಗ ಕಾರಣದ ಕಾಗದ ಜೊತೆಗಿಲ್ಲದಿದ್ದರೆ ಆ ಲೆಕ್ಕವನ್ನು ನಂಬಬೇಡಿ ಎಂದೇ ನಾನೂ ಹೇಳುತ್ತೇನೆ.

ತೆರಿಗೆಯಲ್ಲಿ ನಮಗೆ ಎರಡರಿಂದಲೂ ವ್ಯತ್ಯಾಸವಾಗಲಿಲ್ಲ. ಪ್ರಾವಿಷನ್‌ಗೆ ವಿನಾಯಿತಿ ಇಲ್ಲ, ಪುಸ್ತಕದಲ್ಲಿ ನಿಜವಾಗಿ ರೈಟ್ ಆಫ್ ಮಾಡಿದ ವರ್ಷವಷ್ಟೇ ಸಿಗುತ್ತದೆ.

ಹಳೆಯ ಶೀಟಿನಲ್ಲಿ ಈ ಗಿರಾಕಿಗಳ ಹೆಸರು ಮೊದಲು ಕಾಣಿಸಿದ್ದು 2019ರ ಸೆಪ್ಟೆಂಬರ್ ಕೊನೆಗೆ, ಮೂಲ ಗಡುವು ದಾಟಿ 180 ದಿನ ತುಂಬಿದಾಗ. ಅಂದರೆ ಪೂರ್ತಿ ಒಂದು ವರ್ಷ ತಡ. ಆ ಒಂದು ವರ್ಷದಲ್ಲಿ ಹಳೆಯ ಲೆಕ್ಕ ನಂಬಿದ್ದರೆ ಅದೇ ಇಳಿಜಾರುಗಳಿಗೆ ಇನ್ನೊಂದು ಸುತ್ತು ಗೊಬ್ಬರವನ್ನು ಅದೇ ಮಿತಿಯಲ್ಲಿ ಸಾಲ ಕೊಟ್ಟಿರುತ್ತಿದ್ದೆವು. ಹೊಸ ಲೆಕ್ಕದ 35% ಎದುರಿಗಿದ್ದದ್ದರಿಂದ ಆ ಗುಂಪಿಗೆ ಗಡುವನ್ನು ಎರಡು ಬೆಳೆಗೆ ಹಂಚಿ, ಹೊಸ ಮಾಲನ್ನು ನಗದಿಗೆ ಕೊಟ್ಟೆವು. ಆ 12 ಲಕ್ಷದಲ್ಲಿ ಕೊನೆಗೆ ರೈಟ್ ಆಫ್ ಆದದ್ದು 3.9 ಲಕ್ಷ, 38 ಲಕ್ಷದಲ್ಲಿ 1.2 ಲಕ್ಷ. ಆ ಹಿರಿಯರು 2020ರ ಮಾರ್ಚ್ ಮೊದಲ ವಾರ ಬಂದು ಅರ್ಧ ಬಾಕಿ ಎಣಿಸಿಕೊಟ್ಟು, ರಸೀದಿಯನ್ನು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋದರು.