‘ಏನಾದ್ರೂ ಹೇಳಿ’ ಅಂದವರಿಗೆ ಸಂಗತಿಯೋ, ಕಥೆಯೋ, ಒಗಟೋ?

ಊಟ ಮುಗಿದು ಎಲ್ಲರೂ ಹಾಗೇ ಕೂತಿರುವಾಗ, ಇಲ್ಲವೇ ದಾರಿ ಸಾಗದ ಪ್ರಯಾಣದಲ್ಲಿ, ಯಾರಾದರೊಬ್ಬರು ‘ಏನಾದ್ರೂ ಹೇಳಿ’ ಅಂತಾರೆ. ಇನ್ನು ಕೆಲವರು ‘ನಂಗೆ ಗೊತ್ತಿಲ್ಲದ್ದು ಏನಾದ್ರೂ ಹೇಳು ನೋಡೋಣ’ ಅಂತಾರೆ. ಎರಡೂ ಒಂದೇ ಥರ ಕೇಳಿಸಿದರೂ ಮೊದಲನೆಯವರಿಗೆ ಬೇಕಿರುವುದು ಮಾತಿನ ಜೊತೆ, ಎರಡನೆಯವರಿಗೆ ಬೇಕಿರುವುದು ಅಚ್ಚರಿ. ಕೈಯಲ್ಲಿರುವ ಮೂರು ಸರಕು ಸಂಗತಿ, ಕಥೆ, ಒಗಟು. ಯಾವುದು ಎಲ್ಲಿ ನಡೆಯುತ್ತದೆ, ಎಲ್ಲಿ ಕೈಕೊಡುತ್ತದೆ ಅನ್ನೋದನ್ನು ಕರೆಂಟಿನ ವಿಷಯವನ್ನೇ ಇಟ್ಟುಕೊಂಡು ನೋಡೋಣ.

ಮೊದಲು ಸಂಗತಿ. ‘ಶಿವನಸಮುದ್ರದಲ್ಲಿ ತಯಾರಾದ ಕರೆಂಟು ಮೊದಲು ಯಾವ ಊರಿಗೆ ಹೋಯ್ತು ಹೇಳಿ?’ ಅಂದರೆ ಸಾಮಾನ್ಯವಾಗಿ ಬರುವ ಉತ್ತರ ಬೆಂಗಳೂರು, ಇಲ್ಲವೇ ಮೈಸೂರಿನ ಅರಮನೆ. ಎರಡೂ ಅಲ್ಲ. 1902ರಲ್ಲಿ ಅದು ನೇರ ಹೋದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಬೀದಿದೀಪ ಹತ್ತಿದ್ದು 1905ರಲ್ಲಿ. ಇಷ್ಟು ಹೇಳಲು ಅರ್ಧ ನಿಮಿಷ ಸಾಕು. ಇದು ನಾಟುವುದಕ್ಕೆ ಕಾರಣ, ಕೇಳುವವರ ಮನಸ್ಸಿನಲ್ಲಿ ಆಗಲೇ ಒಂದು ಉತ್ತರ ಕೂತಿರುತ್ತದೆ, ಅದು ಅಲುಗಾಡುತ್ತದೆ. ಯಾರೂ ಯಾವತ್ತೂ ಯೋಚಿಸದ ವಿಷಯದ ಬಗ್ಗೆ ಎಂಥ ದೊಡ್ಡ ಸಂಗತಿ ಹೇಳಿದರೂ ‘ಓ, ಹೌದಾ’ ಅನ್ನೋದರಾಚೆ ಮಾತು ಹೋಗೋದಿಲ್ಲ. ಹಾಗಾಗಿ ಅವರಿಗೆ ಗೊತ್ತಿರುವ ಊರು, ದಿನಾ ಬಳಸುವ ವಸ್ತು ಇಂಥವನ್ನೇ ಹಿಡಿಯಬೇಕು. ಊಹೆ ಮಾಡಲು ಬಿಟ್ಟು, ಆಮೇಲೆ ಉತ್ತರ ಕೊಡಬೇಕು. ಉತ್ತರವನ್ನೇ ಮೊದಲು ಹೇಳಿಬಿಟ್ಟರೆ ಅಲುಗಾಡಲು ಏನೂ ಉಳಿದಿರೋದಿಲ್ಲ.

ಸಂಗತಿ ಕೆಡುವುದು ಎರಡು ಕಡೆ. ಒಂದು, ಉಬ್ಬಿಸಿ ಹೇಳಿದಾಗ. ಇದೇ ವಿಷಯ ‘ಏಷ್ಯಾದಲ್ಲೇ ಮೊಟ್ಟಮೊದಲ ಜಲವಿದ್ಯುತ್’ ಎಂಬ ಬಾಲ ಕಟ್ಟಿಕೊಂಡು ಫೋನಿಂದ ಫೋನಿಗೆ ಓಡಾಡುತ್ತಿರುತ್ತದೆ. ಅದು ನಿಜವಲ್ಲ. ಡಾರ್ಜಿಲಿಂಗ್ ಹತ್ತಿರದ ಸಿದ್ರಾಪೊಂಗ್‌ನಲ್ಲಿ 1897ರಲ್ಲೇ ನೀರಿನಿಂದ ಕರೆಂಟು ತೆಗೆದಿದ್ದರು. ಕೂತವರಲ್ಲಿ ಒಬ್ಬರಿಗೆ ಅದು ಗೊತ್ತಿದ್ದರೆ ಸಾಕು, ನಿಜವಾದ ಅರ್ಧವೂ ಮುಳುಗುತ್ತದೆ. ‘ಮೊದಲ’, ‘ಅತಿ ದೊಡ್ಡ’, ‘ಪ್ರಪಂಚದಲ್ಲೇ’ ಅನ್ನೋ ಪದಗಳಿರುವ ಸಂಗತಿಯಿಂದ ಆ ಪದವನ್ನು ಕಿತ್ತು ನೋಡಿ. ಆಗಲೂ ರುಚಿ ಉಳಿದರೆ ಹೇಳಿ, ಇಲ್ಲದಿದ್ದರೆ ಬಿಡಿ.

ಎರಡನೆಯದು, ‘ಯಾಕೆ?’ ಅಂತ ಕೇಳಿದಾಗ. ಒಳ್ಳೇ ಸಂಗತಿ ಹೇಳಿದರೆ ಈ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೆ ಉತ್ತರ ಇಲ್ಲದಿದ್ದರೆ ಮಾತು ಅಲ್ಲಿಗೇ ನಿಂತಿತು. ಇಲ್ಲಿನ ಉತ್ತರ ಸರಳ. ಗಣಿಯವರು ದೊಡ್ಡ ಗಿರಾಕಿಗಳು. ಅದಿರು ಮೇಲೆತ್ತಲು, ಪುಡಿ ಮಾಡಲು, ಆಳದ ನೀರು ಹೊರಹಾಕಲು ಅವರಿಗೆ ಹಗಲೂ ರಾತ್ರಿ ಶಕ್ತಿ ಬೇಕಿತ್ತು, ಕರೆಂಟು ಕೊಳ್ಳುತ್ತೇವೆಂದು ಒಪ್ಪಂದಕ್ಕೂ ಬಂದರು. ಆ ಧೈರ್ಯದ ಮೇಲೆ ಸುಮಾರು 147 ಕಿ.ಮೀ. ತಂತಿ ಎಳೆದದ್ದು. ಅಂಕಿ ಅಂದರೆ ಇದೊಂದು ಸಾಕು. ವೋಲ್ಟೇಜು, ಅಶ್ವಶಕ್ತಿ ಅಂತ ಹೋದರೆ ಎದುರಿನವರ ಕೈ ತಾನಾಗಿ ಫೋನಿನ ಕಡೆ ಹೋಗುತ್ತದೆ.

ಇದನ್ನೇ ಕಥೆ ಮಾಡಬಹುದು. ಆಗ ಗಣಿ ಹಿಂದೆ ಸರಿದು ಒಬ್ಬ ಮನುಷ್ಯ ಮುಂದೆ ಬರಬೇಕು. 1883ರಿಂದ ಮೈಸೂರಿನ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಇದ್ದಾರೆ. ಕಾವೇರಿ ಧುಮುಕುವ ಜಾಗ ಒಂದು ಕಡೆ, ಶಕ್ತಿಗಾಗಿ ಕಾದಿರುವ ಗಣಿ ಇನ್ನೊಂದು ಕಡೆ, ನಡುವೆ ಅಷ್ಟು ದೂರ. ತಂತಿಯ ಮೇಲೆ ಶಕ್ತಿಯನ್ನು ಅಷ್ಟು ದೂರ ಸಾಗಿಸಬಹುದು ಎಂದು ಸರ್ಕಾರದ ದುಡ್ಡು ಹಾಕಿದರು. 1901ರಲ್ಲಿ ಅಧಿಕಾರ ಬಿಟ್ಟರು, ಅದೇ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಗಣಿಗೆ ಕರೆಂಟು ಹರಿದದ್ದು ಮರುವರ್ಷದ ಜೂನಿನಲ್ಲಿ. ಒಂಬತ್ತು ತಿಂಗಳ ಅಂತರದಲ್ಲಿ ಅವರು ಅದನ್ನು ನೋಡದೇ ಹೋದರು.

ಇದರಲ್ಲಿ ಅಚ್ಚರಿ ಕಮ್ಮಿ, ಆದರೆ ಕೇಳಿದವರು ಒಂದು ಗಳಿಗೆ ಸುಮ್ಮನಾಗುತ್ತಾರೆ. ಸುಸ್ತಾದವರಿಗೆ, ಹಾಸಿಗೆ ಹಿಡಿದವರಿಗೆ, ಗಾಡಿ ಓಡಿಸುತ್ತಿರುವವರಿಗೆ ಕಥೆಯೇ ಸರಿ. ಅವರು ಉತ್ತರ ಕೊಡಬೇಕಾಗಿಲ್ಲ, ನಡುವೆ ಒಂದು ಮಾತು ತಪ್ಪಿಹೋದರೂ ದಾರಿ ತಪ್ಪೋದಿಲ್ಲ. ಮೂರು ನಿಮಿಷ ಮೀರಬಾರದು. ಕಥೆ ಹಾಳಾಗುವುದು ಪೀಠಿಕೆಯಿಂದ. ಮೈಸೂರು ಸಂಸ್ಥಾನದ ಇತಿಹಾಸ, ಅಯ್ಯರ್ ಹುಟ್ಟಿದ ಊರು ಅಂತ ಶುರು ಮಾಡಿದರೆ ಕಾವೇರಿ ಬರುವ ಹೊತ್ತಿಗೆ ಕೇಳುಗರೇ ಇರೋದಿಲ್ಲ. ಮೊದಲ ವಾಕ್ಯದಲ್ಲೇ ಯಾರು, ಅವರಿಗೆ ಏನು ಬೇಕಿತ್ತು ಎರಡೂ ಬಂದುಬಿಡಬೇಕು. ‘ಗೊತ್ತಿಲ್ಲದ್ದು ಹೇಳು’ ಅಂದವರಿಗೆ ಮಾತ್ರ ಕಥೆ ಕೊಡಬೇಡಿ. ಎರಡನೇ ವಾಕ್ಯಕ್ಕೇ ‘ಸರಿ, ಕೊನೆಗೇನಾಯ್ತು?’ ಅಂತಾರೆ.

ಇನ್ನು ಒಗಟು. ಕರೆಂಟಿನ ಲೆಕ್ಕದಲ್ಲಿ ಎಲ್ಲರ ಬಾಯಲ್ಲೂ ಇರುವುದು ಮೂರು ಸ್ವಿಚ್ಚಿನದು. ಕೆಳಗೆ ಮೂರು ಸ್ವಿಚ್ಚು, ಮಹಡಿಯ ಕೋಣೆಯಲ್ಲಿ ಒಂದು ಬಲ್ಬು. ಒಂದೇ ಸಲ ಮೇಲೆ ಹೋಗಿ ಬಂದು, ಯಾವ ಸ್ವಿಚ್ಚು ಬಲ್ಬಿನದು ಅಂತ ಹೇಳಬೇಕು. ಮೊದಲನೆಯದನ್ನು ಐದು ನಿಮಿಷ ಹಾಕಿಟ್ಟು ಆರಿಸಿ, ಎರಡನೆಯದನ್ನು ಹಾಕಿ ಮೇಲೆ ಹೋಗುವುದು ಉತ್ತರ. ಉರಿಯುತ್ತಿದ್ದರೆ ಎರಡನೆಯದು, ಆರಿದ್ದು ಬಿಸಿ ಇದ್ದರೆ ಮೊದಲನೆಯದು, ತಣ್ಣಗಿದ್ದರೆ ಮೂರನೆಯದು. ಈಗ ಇದು ಕೆಟ್ಟು ಕೂತಿದೆ. ಎಲ್ಇಡಿ ಬಲ್ಬಿನ ಮುಂಭಾಗ ಹಳೇ ತಂತಿ ಬಲ್ಬಿನಷ್ಟು ಕಾಯೋದಿಲ್ಲ, ಹೀಗಾಗಿ ಹುಡುಗರಿಗೆ ಬಿಸಿಯ ಯೋಚನೆಯೇ ಹೊಳೆಯೋದಿಲ್ಲ. ‘ಹಳೇ ಕಾಲದ ಬಲ್ಬು’ ಅಂತ ಸೇರಿಸಿದಿರೋ, ಸುಳಿವು ಕೊಟ್ಟ ಹಾಗೆ ಆಯ್ತು.

ಬಲ್ಬು ತೆಗೆದು ಸೀಲಿಂಗ್ ಫ್ಯಾನು ಹಾಕಿ ನೋಡಿ. ಮೊದಲನೆಯ ಸ್ವಿಚ್ಚು ಹಾಕಿ ಒಂದು ನಿಮಿಷ ಬಿಡಬೇಕು, ಆರಿಸಿ ಕೂಡಲೇ ಎರಡನೆಯದನ್ನು ಹಾಕಿ ಓಡಬೇಕು. ಫ್ಯಾನು ಜೋರಾಗಿ ತಿರುಗುತ್ತಿದ್ದರೆ ಎರಡನೆಯದು, ನಿಧಾನವಾಗುತ್ತಾ ಇದ್ದರೆ ಮೊದಲನೆಯದು, ನಿಂತೇ ಇದ್ದರೆ ಮೂರನೆಯದು. ಆರಿಸಿದ ಮೇಲೂ ಫ್ಯಾನು ಸ್ವಲ್ಪ ಹೊತ್ತು ತಿರುಗುವುದನ್ನು ಮಕ್ಕಳು ದಿನಾ ನೋಡಿರುತ್ತಾರೆ, ಹಾಗಾಗಿ ಇದು ಅವರಿಗೆ ದಕ್ಕುತ್ತದೆ. ಬಲ್ಬಿನ ಉತ್ತರ ಬಾಯಿಪಾಠ ಇದ್ದವರೂ ಇಲ್ಲಿ ಒಂದು ಕ್ಷಣ ತಡವರಿಸುತ್ತಾರೆ. ಅದನ್ನು ನೋಡುವುದೇ ಒಂದು ಮಜಾ.

ಒಗಟಿಗೂ ಕ್ವಿಜ್ ಪ್ರಶ್ನೆಗೂ ಇರುವ ವ್ಯತ್ಯಾಸ ಮರೆತರೆ ಕಷ್ಟ. ಗಣಿಯ ಪ್ರಶ್ನೆಗೆ ಉತ್ತರ ಗೊತ್ತಿರಬೇಕು, ಯೋಚಿಸಿ ಪ್ರಯೋಜನವಿಲ್ಲ. ಅದನ್ನು ಹತ್ತು ಸೆಕೆಂಡಿಗಿಂತ ಹೆಚ್ಚು ಹಿಡಿದಿಟ್ಟುಕೊಳ್ಳಬಾರದು. ಫ್ಯಾನಿನದಕ್ಕೆ ಬೇಕಾದದ್ದೆಲ್ಲ ಮಾತಿನಲ್ಲೇ ಇದೆ, ಹಾಗಾಗಿ ಕಾಯಬಹುದು. ಎರಡು ನಿಮಿಷವಾದರೂ ಹೊಳೆಯದಿದ್ದರೆ ‘ಸ್ವಿಚ್ಚು ಆರಿಸಿದ ತಕ್ಷಣ ಎಲ್ಲಾ ನಿಂತುಬಿಡುತ್ತಾ?’ ಅಂತ ಒಂದು ಸುಳಿವು ಕೊಡಿ. ‘ನೀವೇ ಹೇಳ್ಬಿಡಿ’ ಅಂದರೆ ಹೇಳಿಬಿಡಬೇಕು, ನಾಳೆಗೆ ಉಳಿಸಿದರೆ ಸತಾಯಿಸಿದ ಹಾಗಾಗುತ್ತದೆ. ನಾಲ್ಕು ಜನರ ಮುಂದೆ ಹಿರಿಯರಿಗೆ, ಹೊಸ ಬೀಗರಿಗೆ ಒಗಟು ಹಾಕುವುದು ನನ್ನ ಮಟ್ಟಿಗೆ ತಪ್ಪು. ಉತ್ತರ ಬರದಿದ್ದರೆ ಪರೀಕ್ಷೆಯಲ್ಲಿ ಫೇಲಾದ ಹಾಗೆ ಅನಿಸುತ್ತದೆ. ಚಿಕ್ಕ ಮಕ್ಕಳಿಗೆ ಸ್ವಿಚ್ಚಿನದ್ದೂ ಬೇಡ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಅಂದರೆ ಸಾಕು, ಮಲ್ಲಿಗೆ ಅಂತ ಕೂಗಿ ಇನ್ನೊಂದು ಕೇಳುತ್ತಾರೆ.

ಕೇಳಿದವರು ಎಂಥವರು ಅಂತ ಗೊತ್ತಾಗದಿದ್ದರೆ ಸಂಗತಿಯಿಂದ ಶುರು ಮಾಡುವುದೇ ಲೇಸು, ಕೆಟ್ಟರೂ ಅರ್ಧ ನಿಮಿಷ ಅಷ್ಟೇ. ‘ಯಾಕೆ ಗಣಿಗೆ?’ ಅಂತ ಬಂದರೆ ಕಾರಣ ಹೇಳಿ, ‘ಯಾರು ಮಾಡಿಸಿದ್ದು?’ ಅಂತ ಬಂದರೆ ಅಯ್ಯರ್ ಕಥೆ ತೆಗೆಯಿರಿ. ‘ಇರಿ, ನಾನೊಂದು ಕೇಳ್ತೀನಿ’ ಅಂದರೆ ಫ್ಯಾನಿನ ಒಗಟನ್ನು ಜೇಬಲ್ಲೇ ಇಟ್ಟುಕೊಂಡು, ಮೊದಲು ಅವರದ್ದು ಕೇಳಿಸಿಕೊಳ್ಳಿ.