ಅಂಗಡಿಯ ಪಾವತಿ ನಿಲ್ಲದಿರಲು ನಾಲ್ಕು ದಾರಿ: ಬಳಸಿ ನೋಡಿ ಮಾಡಿದ ಹೋಲಿಕೆ

ಬಿಲ್ಲಿಂಗ್ ಯಂತ್ರ, ಕ್ಯಾಮೆರಾ, ಗಿರಾಕಿಗಳ ವೈಫೈ ಮೂರೂ ಒಂದೇ ಇಂಟರ್ನೆಟ್ ಸಂಪರ್ಕದಲ್ಲಿ ನಡೆಯುವ ಸಣ್ಣ ಅಂಗಡಿಗೆ ನನ್ನ ಆಯ್ಕೆ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ಒಂದೇ ಜಾಲವನ್ನು ಒಳಗೊಳಗೇ ಬೇರೆ ಬೇರೆ ಜಾಲಗಳಾಗಿ ಒಡೆಯುವ ವಿ-ಲ್ಯಾನ್ ಮಾಡಬಲ್ಲ, ಹೊರಗೆ ಹೋಗಲು ಕಾಯುವ ಅಪ್‌ಲೋಡ್ ಸರತಿಯನ್ನು ಹಿಡಿತದಲ್ಲಿಡಬಲ್ಲ ಒಂದು ರೂಟರ್, ಜೊತೆಗೆ ವಿ-ಲ್ಯಾನ್ ಅರಿಯುವ ಒಂದು ಚಿಕ್ಕ ಸ್ವಿಚ್. ಉಳಿದ ಮೂರು ದಾರಿಗಳನ್ನೂ ನನ್ನ ಅಂಗಡಿಯಲ್ಲಿ ಬಳಸಿದ್ದೇನೆ. ಅವುಗಳಲ್ಲಿ ಒಂದು ಪರವಾಗಿಲ್ಲ, ಒಂದು ಅರ್ಧ ಕೆಲಸ ಮಾಡುತ್ತದೆ, ಇನ್ನೊಂದು ಬೆನ್ನಿಗೆ ನಿಲ್ಲಲು ಮಾತ್ರ ಒಳ್ಳೆಯದು.

ಮೊದಲನೆಯದು, ಇಂಟರ್ನೆಟ್ ಕೊಟ್ಟವರೇ ಹಾಕಿಕೊಟ್ಟ ರೂಟರ್‌ನಲ್ಲಿರುವ ಅತಿಥಿ ವೈಫೈ. ಗಿರಾಕಿಯ ಮೊಬೈಲ್ ನಮ್ಮ ಬಿಲ್ಲಿಂಗ್ ಕಂಪ್ಯೂಟರನ್ನು ನೋಡದಂತೆ ಅದು ತಡೆಯುತ್ತದೆ, ಅಷ್ಟು ಕೆಲಸ ನಿಜ. ಆದರೆ ಕ್ಯಾಮೆರಾ ಮತ್ತು ಬಿಲ್ಲಿಂಗ್ ಯಂತ್ರ ಒಂದೇ ಜಾಲದಲ್ಲಿ ಉಳಿಯುತ್ತವೆ. ಹಳೆಯ ಸಾಫ್ಟ್‌ವೇರ್‌ನ ಕ್ಯಾಮೆರಾವೊಂದಕ್ಕೆ ಯಾರಾದರೂ ನುಗ್ಗಿದರೆ ಅಲ್ಲಿಂದ ಗಲ್ಲಾಪೆಟ್ಟಿಗೆಯ ಕಂಪ್ಯೂಟರ್‌ಗೆ ಅಡ್ಡವೇ ಇರುವುದಿಲ್ಲ.

ಎರಡನೆಯದು ಮೂರು ಸಾಧಾರಣ ರೂಟರ್‌ಗಳ ಜೋಡಣೆ. ಹೊರಗಿನ ಸಂಪರ್ಕ ಒಂದಕ್ಕೆ ಬರುತ್ತದೆ, ಅದರ ಕೆಳಗೆ ಕವಲಿನಂತೆ ಇನ್ನೆರಡು: ಒಂದು ಬಿಲ್ಲಿಂಗ್‌ಗೆ, ಇನ್ನೊಂದು ಗಿರಾಕಿಗಳಿಗೂ ಕ್ಯಾಮೆರಾಗಳಿಗೂ. ಇಲ್ಲಿ ಜೋಡಿಸುವ ಕ್ರಮವೇ ಎಲ್ಲ. ಗಿರಾಕಿಗಳ ರೂಟರನ್ನು ಬಿಲ್ಲಿಂಗ್ ರೂಟರ್‌ನ ಕೆಳಗೆ ಸಿಕ್ಕಿಸಿದರೆ 192.168.2.x ವಿಳಾಸದ ಮೊಬೈಲ್‌ನಿಂದ 192.168.1.20ರಲ್ಲಿರುವ ಬಿಲ್ಲಿಂಗ್ ಕಂಪ್ಯೂಟರನ್ನು ಮುಟ್ಟಬಹುದು. ಒಳಗಿನ ರೂಟರ್‌ಗೆ ತನ್ನ ಹೊರಗಿರುವುದೆಲ್ಲವೂ ಇಂಟರ್ನೆಟ್ಟೇ, ಆ ಕಡೆಗೆ ಅದು ದಾರಿ ಬಿಡುತ್ತದೆ. ಆದ್ದರಿಂದ ಎರಡೂ ಅಕ್ಕಪಕ್ಕದಲ್ಲೇ ಇರಬೇಕು, ಒಂದರ ಕೆಳಗೆ ಇನ್ನೊಂದಲ್ಲ.

ಮೂರನೆಯದೇ ನನ್ನದು. ಒಂದೇ ರೂಟರ್‌ನಲ್ಲಿ ಮೂರು ವಿ-ಲ್ಯಾನ್: ಬಿಲ್ಲಿಂಗ್‌ಗೆ 10, ಕ್ಯಾಮೆರಾಗಳಿಗೆ 20, ಗಿರಾಕಿಗಳಿಗೆ 30. ಪ್ರತಿಯೊಂದಕ್ಕೂ ಬೇರೆ ವಿಳಾಸಗಳ ಸಾಲು, ಒಂದರಿಂದ ಇನ್ನೊಂದಕ್ಕೆ ಫೈರ್‌ವಾಲ್‌ನಲ್ಲಿ ತಡೆ. ಇಷ್ಟಾದರೆ ಮುಗಿಯಿತೆಂದೇ ಹೆಚ್ಚಿನವರು ಹೇಳುತ್ತಾರೆ. ಆದರೆ ಇಷ್ಟೆಲ್ಲ ಬೇರ್ಪಡಿಸಿದ ಮೇಲೂ ಸಂಜೆ ಜನ ತುಂಬಿದಾಗ ಕಾರ್ಡ್ ಯಂತ್ರದ ಪರದೆ ಕಾಯುತ್ತಲೇ ನಿಲ್ಲುತ್ತಿತ್ತು. ಗಿರಾಕಿಯ ಮೊಬೈಲ್‌ಗೆ ಹಣ ಕಡಿತವಾದ ಸಂದೇಶ ಬಂದಿರುತ್ತಿತ್ತು, ನಮ್ಮ ಯಂತ್ರ ಮಾತ್ರ ಉತ್ತರ ಬರಲಿಲ್ಲ ಎನ್ನುತ್ತಿತ್ತು.

ಕಾರಣ ವಿಳಾಸಗಳಲ್ಲಿ ಇರಲಿಲ್ಲ. ವಿ-ಲ್ಯಾನ್ ಅಂಗಡಿಯೊಳಗೆ ಗೋಡೆ ಕಟ್ಟುತ್ತದೆ, ಹೊರಗೆ ಹೋಗುವ ಬಾಗಿಲು ಆಗಲೂ ಒಂದೇ. ನನ್ನ ಸಂಪರ್ಕದಲ್ಲಿ ಡೌನ್‌ಲೋಡ್ 50 ಎಂಬಿಪಿಎಸ್, ಅಪ್‌ಲೋಡ್ 10. ನಾಲ್ಕು ಕ್ಯಾಮೆರಾಗಳು ತಲಾ 2 ಎಂಬಿಪಿಎಸ್‌ನಂತೆ ಕ್ಲೌಡ್‌ಗೆ ದೃಶ್ಯ ಕಳಿಸಿದರೆ 8 ಅಲ್ಲಿಗೇ ಹೋಯಿತು. ಉಳಿದ 2ನ್ನು ಗಿರಾಕಿಯೊಬ್ಬರ ಮೊಬೈಲ್ ತನ್ನಷ್ಟಕ್ಕೆ ಫೋಟೋಗಳನ್ನು ಕ್ಲೌಡ್‌ಗೆ ಏರಿಸಿ ತುಂಬಿಬಿಡುತ್ತದೆ. ಅಲ್ಲಿಂದಾಚೆಗೆ ಬರುವ ಪ್ಯಾಕೆಟ್‌ಗಳನ್ನು, ಅಂದರೆ ಮಾಹಿತಿಯ ಚೂರುಗಳನ್ನು, ಇಂಟರ್ನೆಟ್ ಕಂಪನಿಯ ಸಾಧನ ತಕ್ಷಣ ಎಸೆಯುವುದಿಲ್ಲ, ಉದ್ದನೆಯ ಸರತಿಯಲ್ಲಿ ನಿಲ್ಲಿಸುತ್ತದೆ. ಪಾವತಿಯ ಸಂದೇಶ ಕೆಲವೇ ಕಿಲೋಬೈಟ್‌ನದ್ದು, ಆದರೂ ಆ ಸರತಿಯ ಬಾಲದಲ್ಲೇ ನಿಲ್ಲಬೇಕು.

ಇದನ್ನು ಕಣ್ಣಾರೆ ನೋಡಬಹುದು. ಬಿಲ್ಲಿಂಗ್ ಕಂಪ್ಯೂಟರ್ ವಿಂಡೋಸ್‌ನದ್ದಾದರೆ ಅದರ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇದನ್ನು ಓಡಿಸಿ ಹಾಗೇ ಬಿಡಿ:

```
ping -t 1.1.1.1
```

ಅಂಗಡಿ ಖಾಲಿ ಇರುವಾಗ ನನ್ನಲ್ಲಿ ಹೋಗಿ ಬರುವ ಸಮಯ 20 ಮಿಲಿಸೆಕೆಂಡ್‌ನ ಆಸುಪಾಸು ಬರುತ್ತಿತ್ತು. ಒಂದು ಮೊಬೈಲ್‌ನಿಂದ ದೊಡ್ಡ ವಿಡಿಯೋ ಏರಿಸಲು ಶುರು ಮಾಡಿದರೆ ಅದೇ ಸಂಖ್ಯೆ 900ಕ್ಕೆ ಜಿಗಿಯಿತು, ನಡುನಡುವೆ ಉತ್ತರವೇ ಇಲ್ಲ. ಒಂದು ಪಾವತಿಗೆ ಹೆಸರಿನಿಂದ ವಿಳಾಸ ಹುಡುಕುವುದು, ಸಂಪರ್ಕ ತೆರೆಯುವುದು, ಗೂಢಲಿಪಿಯ ಒಪ್ಪಂದ, ಆಮೇಲೆ ನಿಜವಾದ ವಿನಂತಿ ಎಂದು ಕನಿಷ್ಠ ನಾಲ್ಕು ಸಲ ಹೋಗಿ ಬರಬೇಕು. ಪ್ರತಿ ಸಲ 900 ಆದರೆ ಮೂರೂವರೆ ಸೆಕೆಂಡು ಅಲ್ಲಿಗೇ ಕಳೆಯಿತು. ನಡುವೆ ಒಂದೆರಡು ಪ್ಯಾಕೆಟ್ ಕಳೆದುಹೋಗಿ ಮರುಪ್ರಯತ್ನವಾದರೆ ಯಂತ್ರದ ತಾಳ್ಮೆ ಮುಗಿಯುತ್ತದೆ. ವೇಗ ಅಳೆಯುವ ಆ್ಯಪ್ ಡೌನ್‌ಲೋಡ್ ಚೆನ್ನಾಗಿದೆ ಎಂದೇ ತೋರಿಸುತ್ತಿರುತ್ತದೆ, ಅದನ್ನು ನಂಬಿ ದೊಡ್ಡ ಪ್ಲಾನ್ ಕೊಳ್ಳಬೇಡಿ.

ಪರಿಹಾರವೆಂದರೆ ಸರತಿಯನ್ನು ಕಂಪನಿಯ ಸಾಧನದಿಂದ ನಮ್ಮ ರೂಟರ್‌ಗೆ ಎಳೆದುಕೊಳ್ಳುವುದು. ಅಳೆದ ಅಪ್‌ಲೋಡ್ ವೇಗದ ಶೇಕಡಾ 85ರಿಂದ 90ರಷ್ಟನ್ನು ಮಾತ್ರ ಹೊರಗೆ ಬಿಡಬೇಕು. ಆಗ ಕಂಪನಿಯ ಸಾಧನದಲ್ಲಿ ಏನೂ ರಾಶಿ ಬೀಳುವುದಿಲ್ಲ, ಯಾರು ಮುಂದೆ ಹೋಗಬೇಕೆಂದು ನಮ್ಮ ರೂಟರ್ ತೀರ್ಮಾನಿಸುತ್ತದೆ. OpenWrt ಎಂಬ ಮುಕ್ತ ಸಾಫ್ಟ್‌ವೇರ್ ಹಾಕಿದ ರೂಟರ್‌ನಲ್ಲಿ ಸರತಿ ನಿಭಾಯಿಸುವ SQM ಎಂಬ ಸೌಲಭ್ಯ ಸೇರಿಸಿದರೆ ಇದಕ್ಕೆ ಇಷ್ಟು ಸಾಲು ಸಾಕು:

```
config queue
    option enabled '1'
    option interface 'wan'
    option download '45000'
    option upload '9000'
    option qdisc 'cake'
    option script 'piece_of_cake.qos'
```

ಸಂಖ್ಯೆಗಳು ಕಿಲೋಬಿಟ್‌ನಲ್ಲಿವೆ. `wan` ಇರುವ ಜಾಗದಲ್ಲಿ ನಿಮ್ಮ ರೂಟರ್‌ನ ಹೊರಗಿನ ಪೋರ್ಟ್‌ನ ಹೆಸರು ಬರಬೇಕು. ಆಗಾಗ ಚೂರೇ ಚೂರು ಕಳಿಸುವ ಸಂಪರ್ಕಗಳನ್ನು `cake` ಎಂಬ ಸರತಿ ವಿಧಾನ ಮುಂದೆ ಬಿಡುತ್ತದೆ, ಪಾವತಿಯೂ ಅಂಥದ್ದೇ. ಇದನ್ನು ಹಾಕಿ ಅದೇ ವಿಡಿಯೋ ಏರಿಸಿ ನೋಡಿದರೆ ಪಿಂಗ್ 30 ದಾಟಲಿಲ್ಲ. ಒಂದು ಮಿತಿ ಇದೆ: ಸಂಪರ್ಕದ ವೇಗವೇ ಏರಿಳಿಯುತ್ತಿದ್ದರೆ, ಉದಾಹರಣೆಗೆ ಮೊಬೈಲ್ ಸಿಮ್‌ನದ್ದಾದರೆ, ಈ ಸ್ಥಿರ ಸಂಖ್ಯೆ ಕೆಲವೊಮ್ಮೆ ತಪ್ಪಾಗುತ್ತದೆ. ಆಗ ಸಂಜೆ ಅಳೆದ ಅತಿ ಕಡಿಮೆ ವೇಗವನ್ನು ಆಧಾರ ಮಾಡಿಕೊಳ್ಳಿ.

ಮೂರು ರೂಟರ್‌ಗಳ ಜೋಡಣೆ ಪರವಾಗಿಲ್ಲ ಎಂದದ್ದು ಇದೇ ಕಾರಣಕ್ಕೆ. ಗಿರಾಕಿ ಮತ್ತು ಕ್ಯಾಮೆರಾಗಳ ರೂಟರ್‌ನಲ್ಲಿ ವೇಗದ ಮಿತಿ ಹಾಕುವ ಸೌಲಭ್ಯವಿದ್ದರೆ ಅಪ್‌ಲೋಡನ್ನು 7ಕ್ಕೆ ಕಟ್ಟಿಹಾಕಿ. ಉಳಿದ 3 ಸದಾ ಬಿಲ್ಲಿಂಗ್‌ಗೆ ಖಾಲಿ ಇರುತ್ತದೆ. ಬಿಲ್ಲಿಂಗ್ ಸುಮ್ಮನಿದ್ದಾಗಲೂ ಆ 3 ವ್ಯರ್ಥ, ಆದರೆ ಪಾವತಿ ನಿಲ್ಲುವುದಿಲ್ಲ.

ಕ್ಯಾಮೆರಾಗಳ ದೃಶ್ಯವನ್ನು ಅಂಗಡಿಯೊಳಗಿನ ರೆಕಾರ್ಡರ್‌ನಲ್ಲೇ ಉಳಿಸಿದರೆ ಆ 8 ಎಂಬಿಪಿಎಸ್‌ನ ಬಹುಪಾಲು ಹೊರಗೆ ಹೋಗುವುದೇ ಇಲ್ಲ. ನಾನೂ ಈಗ ಹಾಗೇ ಮಾಡಿದ್ದೇನೆ. ಬಿಲ್ಲಿಂಗ್ ಯಂತ್ರಕ್ಕೆ ವೈರ್ ಎಳೆಯಿರಿ, ಏಕೆಂದರೆ ವೈಫೈ ಹೆಸರು ಬೇರೆಯಾದರೂ ಒಂದೇ ಚಾನೆಲ್‌ನ ಗಾಳಿಯನ್ನು ಎಲ್ಲರೂ ಹಂಚಿಕೊಳ್ಳಬೇಕು.

ವಿ-ಲ್ಯಾನ್‌ಗೆ ಬದಲಾಯಿಸುವ ದಿನ ಬಿಲ್ ಪ್ರಿಂಟರ್ ಸುಮ್ಮನಾಗಬಹುದು. ಅದಕ್ಕೆ ಹಳೆಯ ಸಾಲಿನ 192.168.1.87ರಂಥ ವಿಳಾಸವನ್ನು ಕೈಯಾರೆ ಕೊಟ್ಟಿರುತ್ತಾರೆ. ಅದನ್ನು ಹೊಸ ಸಾಲಿಗೆ, ಅಂದರೆ 192.168.10.87ಕ್ಕೆ, ಬದಲಿಸಿ ಬಿಲ್ಲಿಂಗ್ ಸಾಫ್ಟ್‌ವೇರ್‌ನಲ್ಲೂ ಅದನ್ನೇ ಬರೆಯಿರಿ.

ನಾಲ್ಕನೆಯ ದಾರಿ ಬಿಲ್ಲಿಂಗ್‌ಗೆ ಬೇರೆಯೇ ಸಿಮ್. ನನ್ನ ಅಂಗಡಿಯ ಒಳಮೂಲೆಯಲ್ಲಿ ಸಿಗ್ನಲ್ ತೆಳು, ಅದನ್ನೇ ಮುಖ್ಯ ದಾರಿಯಾಗಿ ನಂಬಲಾರೆ. ವೈರ್ ಸತ್ತಾಗ ತಾನಾಗಿ ಎದ್ದುಕೊಳ್ಳುವ ಬದಲಿ ದಾರಿಯಾಗಿ ಮಾತ್ರ ಇಟ್ಟಿದ್ದೇನೆ, ಆಗ 20 ಮತ್ತು 30ರ ವಿ-ಲ್ಯಾನ್‌ಗಳಿಗೆ ಸಿಮ್ ಮೂಲಕ ಹೋಗಲು ಬಿಡುವುದಿಲ್ಲ.

ಸೆಟ್ಟಿಂಗ್ ಪುಟಗಳಲ್ಲಿ ಹೆಚ್ಚು ಹೊತ್ತು ಕೂರಲು ಮನಸ್ಸಿಲ್ಲದವರಿಗೆ ಮೂರು ರೂಟರ್‌ಗಳೇ ಸರಿ. ಹಳೆಯವು ಕಪಾಟಿನಲ್ಲಿದ್ದರೆ ಖರ್ಚೂ ಇಲ್ಲ. ನಾನು ತಿಂಗಳಿಗೊಮ್ಮೆ ಕೂತು ಎಲ್ಲವನ್ನೂ ನೋಡುವವನು, ಹಣ ಒಂದೇ ಸಲ ಹಾಕಲು ಸಿದ್ಧನಿದ್ದೆ, ಹಾಗಾಗಿ ವಿ-ಲ್ಯಾನ್ ಮತ್ತು SQM ಇರುವ ಒಂದೇ ಪೆಟ್ಟಿಗೆ ನನಗೆ ಹಿಡಿಸಿತು. ಕೊಳ್ಳುವ ಮೊದಲು ಆ ರೂಟರ್‌ನ ಪ್ರೊಸೆಸರ್ ನಿಮ್ಮ ಸಂಪರ್ಕದ ಪೂರ್ಣ ವೇಗದಲ್ಲಿ SQM ನಡೆಸಬಲ್ಲದೇ ಎಂದು ವಿಚಾರಿಸಿಕೊಳ್ಳಿ. ಹಳೆಯ ಅಗ್ಗದ ಮಾದರಿಗಳು 100 ಎಂಬಿಪಿಎಸ್‌ನ ಸುತ್ತಲೇ ಏದುಸಿರು ಬಿಡುತ್ತವೆ.